42 ಶೇಕಡಾ ಬಂದರೆ ಕದ್ದಂತೆಯೇ?

ಪ್ರಶ್ನೆ: ಎಂ.ಎ. ಎರಡನೇ ಸೆಮಿಸ್ಟರಿನ ನನ್ನ ಅಸೈನ್‌ಮೆಂಟಿನಲ್ಲಿ ಸಾಫ್ಟ್‌ವೇರ್ 42 ಶೇಕಡಾ ಹೋಲಿಕೆ ತೋರಿಸಿತು. ವಿಭಾಗದಿಂದ ಸೊನ್ನೆ ಅಂಕ ಕೊಟ್ಟು, 2018ರ ಯುಜಿಸಿ ನಿಯಮದಂತೆ ಒಂದು ವರ್ಷ ಮತ್ತೆ ಸಲ್ಲಿಸುವಂತಿಲ್ಲ ಎಂದು ಆದೇಶ ಬಂದಿದೆ. ಗ್ರಾಮ ಪಂಚಾಯತಿಗಳ ಕುರಿತ ಬರಹವದು, ಬರೆದದ್ದು ನಾನೇ. ಮೇಲ್ಮನವಿಯಲ್ಲಿ ಏನು ಬರೆಯಲಿ?

ಉತ್ತರ: ನೀವು ಎಷ್ಟು ಪ್ರಾಮಾಣಿಕರು ಎಂಬುದನ್ನು ಪತ್ರದಲ್ಲಿ ವಿವರಿಸುವ ಅಗತ್ಯವಿಲ್ಲ. ಮೊದಲು ಆದೇಶವನ್ನೇ ಕೈಗೆತ್ತಿಕೊಳ್ಳಿ. ಅದು ಆಧರಿಸಿರುವ 2018ರ ಯುಜಿಸಿ ನಿಯಮದಲ್ಲಿ 10 ಶೇಕಡಾವರೆಗಿನ ಹೋಲಿಕೆಗೆ ದಂಡನೆಯಿಲ್ಲ. 10ರಿಂದ 40ರ ಒಳಗಾದರೆ ಆರು ತಿಂಗಳೊಳಗೆ ತಿದ್ದಿ ಸಲ್ಲಿಸಬಹುದು. 40ರಿಂದ 60ರ ನಡುವಿದ್ದರೆ ಒಂದು ವರ್ಷ ತಡೆ. ನಿಮಗೆ ಬಿದ್ದಿರುವುದು ಈ ಮೂರನೆಯದು. ಆದರೆ ಈ ಹಂತಗಳು ಪ್ರಬಂಧ, ಥೀಸಿಸ್‌ಗಳಂಥ ಬರಹಗಳಿಗೆ. ‘ಸ್ಕ್ರಿಪ್ಟ್’ ಎಂದರೇನು ಎಂದು ಹೇಳುವಾಗ ಆ ನಿಯಮವೇ ಅಸೈನ್‌ಮೆಂಟ್, ಟರ್ಮ್ ಪೇಪರ್, ಪ್ರಾಜೆಕ್ಟ್ ವರದಿಗಳನ್ನು ಹೊರಗಿಟ್ಟಿದೆ. ಬಹಳ ವಿದ್ಯಾರ್ಥಿಗಳು ಓದದೇ ಬಿಡುವ ಸಾಲು ಇದು. ನಿಮ್ಮ ಪತ್ರದ ಮೊದಲ ಆಧಾರ ಇದೇ ಆಗಬೇಕು.

ಆದರೆ ಇಷ್ಟಕ್ಕೇ ಗೆದ್ದೆವೆಂದು ಕೂರುವಂತಿಲ್ಲ. ಅಸೈನ್‌ಮೆಂಟಿಗೆ ನಿಮ್ಮ ವಿಶ್ವವಿದ್ಯಾಲಯದ್ದೇ ನಿಯಮ ಇರಬಹುದು. ಅದನ್ನು ತರಿಸಿ ಓದಿ. ಜೊತೆಗೆ ಎರಡನೇ ವಾದವನ್ನೂ ಇಡಿ: ಯುಜಿಸಿ ನಿಯಮ ಅನ್ವಯಿಸುತ್ತದೆ ಎಂದೇ ಇಟ್ಟುಕೊಂಡರೂ, ಅದರ ವಿಧಾನ ಪಾಲನೆಯಾಗಿಲ್ಲ. ಆ ನಿಯಮದ ಪ್ರಕಾರ ವಿಭಾಗದ ಮುಖ್ಯಸ್ಥರೊಬ್ಬರೇ ಶಿಕ್ಷೆ ವಿಧಿಸುವಂತಿಲ್ಲ. ಮೂವರ ವಿಭಾಗೀಯ ಸಮಿತಿ ಸಹಜ ನ್ಯಾಯದಂತೆ ವಿಚಾರಿಸಿ 45 ದಿನಗಳಲ್ಲಿ ಶಿಫಾರಸು ಮಾಡಬೇಕು, ಸಂಸ್ಥೆಯ ಮಟ್ಟದ ಸಮಿತಿ ಅದನ್ನು ಪರಿಶೀಲಿಸಬೇಕು, ಎರಡಕ್ಕೂ ಒಬ್ಬರೇ ಅಧ್ಯಕ್ಷರಾಗಿರಬಾರದು. ತಪ್ಪು ನಿಸ್ಸಂದೇಹವಾಗಿ ಸಾಬೀತಾಗಿ, ಸಮರ್ಥಿಸಿಕೊಳ್ಳಲು ಸಾಕಷ್ಟು ಅವಕಾಶ ಸಿಕ್ಕ ಮೇಲೆಯೇ ದಂಡನೆ. ನಿಮ್ಮನ್ನು ಕರೆದು ಕೇಳಿದರೇ? ವರದಿ ತೋರಿಸಿದರೇ? ಇಲ್ಲವಾದರೆ ನೋಟಿಸ್, ಸಭೆ, ಆದೇಶ ಯಾವ ದಿನ ನಡೆದವು ಎಂದು ದಿನಾಂಕಗಳನ್ನು ಮಾತ್ರ ಬರೆಯಿರಿ. ದೂರುವ ಧ್ವನಿ ಬೇಡ, ದಿನಾಂಕಗಳೇ ಸಾಕು.

ಇನ್ನು 42ರ ಮಾತು. ಹೋಲಿಕೆಯ ಸಾಫ್ಟ್‌ವೇರ್ ಕದ್ದದ್ದನ್ನು ಹಿಡಿಯುವುದಿಲ್ಲ, ಒಂದೇ ಬಗೆಯ ಪದಸಾಲುಗಳನ್ನು ಹುಡುಕಿ ತೋರಿಸುತ್ತದೆ. ಹಾಗಾಗಿ ಬರಿಯ ಅಂಕಿಯನ್ನಲ್ಲ, ಬಣ್ಣ ಹಚ್ಚಿದ ಪೂರ್ತಿ ವರದಿಯನ್ನು ಮೂಲಗಳ ಪಟ್ಟಿ ಸಮೇತ ಲಿಖಿತವಾಗಿ ಕೇಳಿ ಪಡೆಯಿರಿ. ನಿಮ್ಮ ವಿಷಯ ನೋಡಿದರೆ 1993ರ ಪಂಚಾಯತ್ ರಾಜ್ ಕಾಯ್ದೆಯ ಸೆಕ್ಷನ್‌ಗಳು, ಕೊನೆಯ ಗ್ರಂಥಸೂಚಿ, ಉದ್ಧರಣಚಿಹ್ನೆಯೊಳಗಿನ ಮಾತುಗಳು ಬಣ್ಣಕ್ಕೆ ಬಿದ್ದಿರುವ ಸಾಧ್ಯತೆ ಹೆಚ್ಚು. ಈ ಮೂರನ್ನೂ ಎಣಿಕೆಯಿಂದ ಬಿಡಬೇಕೆಂದು ಯುಜಿಸಿ ನಿಯಮವೇ ಹೇಳುತ್ತದೆ. ಇನ್ನೊಂದನ್ನು ಮರೆಯಬೇಡಿ: ಕರಡನ್ನು ಮೊದಲೇ ಅದೇ ಸಾಫ್ಟ್‌ವೇರಿಗೆ ಹಾಕಿದ್ದು ಅಲ್ಲಿ ಉಳಿದಿದ್ದರೆ, ನಿಮ್ಮ ಬರಹ ನಿಮ್ಮದೇ ಬರಹಕ್ಕೆ ಹೋಲಿಕೆಯಾಗುತ್ತದೆ. ಮೂಲದ ಜಾಗದಲ್ಲಿ ‘ವಿದ್ಯಾರ್ಥಿ ಬರಹ’ ಎಂದು ನಿಮ್ಮದೇ ಸಂಸ್ಥೆಯ ಹೆಸರು ಕಂಡರೆ ಅನುಮಾನಿಸಿ.

ವರದಿಯ ಪ್ರತಿಯೊಂದು ಗುರುತಿಗೂ ಒಂದೊಂದು ಸಾಲಿನ ಉತ್ತರ ಬರೆಯಿರಿ. ಉದಾಹರಣೆಗೆ: “ಪುಟ 6, ಎರಡನೇ ಪ್ಯಾರಾ: ಕಾಯ್ದೆಯ ಪಠ್ಯ, ಸೆಕ್ಷನ್ ಸಂಖ್ಯೆ ಅಲ್ಲೇ ಕೊಟ್ಟಿದೆ. ಪುಟ 9, ಕೊನೆಯ ಪ್ಯಾರಾ: ಸರ್ಕಾರಿ ವರದಿಯ ಎರಡು ವಾಕ್ಯಗಳು, ಮೂಲದ ಉಲ್ಲೇಖ ಬಿಟ್ಟುಹೋಗಿದೆ, ಇದನ್ನು ಒಪ್ಪುತ್ತೇನೆ.” ಈ ಕೊನೆಯ ಒಪ್ಪಿಗೆ ಬರೆಯಲು ಹಿಂಜರಿಯಬೇಡಿ. ನಿಜವಾದ ಲೋಪವನ್ನು ಅದು ಎಷ್ಟಿದೆಯೋ ಅಷ್ಟಕ್ಕೇ ಒಪ್ಪಿಕೊಂಡವರ ಉಳಿದ ಉತ್ತರಗಳನ್ನು ಸಮಿತಿ ನಂಬಿ ಓದುತ್ತದೆ. ಶೇಕಡಾವನ್ನು ನೀವೇ ಕೂಡಿ ಕಳೆದು ಹೊಸ ಅಂಕಿ ಹೇಳಲು ಹೋಗಬೇಡಿ. ಗ್ರಂಥಸೂಚಿ ಮತ್ತು ಉದ್ಧರಣಗಳನ್ನು ಬಿಡುವ ಆಯ್ಕೆ ಹಾಕಿ ಪರೀಕ್ಷೆಯನ್ನು ಮತ್ತೆ ನಡೆಸಿ ಎಂದು ಸಮಿತಿಯನ್ನೇ ಕೇಳಿ.

ಬರೆದದ್ದು ನೀವೇ ಎಂಬುದಕ್ಕೆ ಕರಡುಗಳು ಬೇಕು. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ Version history ತೆರೆದು, ಬೇರೆಬೇರೆ ದಿನಗಳ ರೂಪಗಳ ಸ್ಕ್ರೀನ್‌ಶಾಟ್ ತೆಗೆದಿಡಿ. ಮೂಲ ಕಡತವನ್ನು ಈಗ ತಿದ್ದಲೇಬೇಡಿ, ಇಂದಿನ ತಿದ್ದುಪಡಿಯೂ ಅದೇ ಇತಿಹಾಸದಲ್ಲಿ ದಾಖಲಾಗಿ ಇಲ್ಲದ ಅನುಮಾನ ಹುಟ್ಟಿಸುತ್ತದೆ. ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕವಿದ್ದರೆ ಅದರ ಪ್ರತಿಯನ್ನೂ ಸೇರಿಸಿ, ಅಡಕಗಳಿಗೆ ಸಂಖ್ಯೆ ಕೊಡಿ, ಪತ್ರದಲ್ಲಿ “ಅಡಕ 3 ನೋಡಿ” ಎಂದೇ ಬರೆಯಿರಿ. ಪತ್ರ ಎರಡು ಪುಟ ಮೀರದಿರಲಿ.

ಕೋರಿಕೆಯನ್ನು ಸ್ಪಷ್ಟವಾಗಿ ಹೇಳಿ. “ನ್ಯಾಯ ಒದಗಿಸಬೇಕಾಗಿ ವಿನಂತಿ” ಎಂದು ಮುಗಿಸಿದರೆ ಸಮಿತಿಗೆ ಏನು ಆದೇಶಿಸಬೇಕೆಂದೇ ತಿಳಿಯದು. ಆದೇಶ ರದ್ದುಮಾಡಿ, ಅದು ಆಗದಿದ್ದರೆ ಮರುಪರೀಕ್ಷೆ ನಡೆಸಿ ನನ್ನ ಮಾತು ಕೇಳಿ, ಅದೂ ಆಗದಿದ್ದರೆ ಎರಡು ವಾಕ್ಯಗಳ ಲೋಪಕ್ಕೆ ತಕ್ಕಷ್ಟು ಅಂಕ ಮಾತ್ರ ಕಳೆಯಿರಿ ಎಂದು ಕ್ರಮವಾಗಿ ಕೇಳಿ. ಆದೇಶ ಹೊರಡಿಸಿದವರೇ ಮೇಲ್ಮನವಿ ಸಮಿತಿಯಲ್ಲಿದ್ದರೆ ಅವರು ಹೊರಗುಳಿಯಬೇಕೆಂದು ಕೋರಿ. ಮೇಲ್ಮನವಿಯ ಗಡುವು ನಿಮ್ಮ ವಿಶ್ವವಿದ್ಯಾಲಯದ ನಿಯಮದಲ್ಲಿರುತ್ತದೆ. ವರದಿ ಕೈಸೇರಲು ತಡವಾದರೂ ಪತ್ರವನ್ನು ಗಡುವಿನೊಳಗೆ ಕೊಟ್ಟು, ಹೆಚ್ಚಿನ ದಾಖಲೆ ಸಲ್ಲಿಸಲು ಅವಕಾಶ ಕೇಳಿ, ನಿಮ್ಮ ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ.