ಮೇಳದಲ್ಲಿ ಕಂಡವರಿಗೆ ಮರುದಿನದ ಪತ್ರ

ಉದ್ಯೋಗ ಮೇಳದಲ್ಲಿ ನೇಮಕಾಧಿಕಾರಿಯ ಮುಂದೆ ನಮಗೆ ದೊರೆಯುವ ಕಾಲ ಎರಡು ಮೂರು ನಿಮಿಷ ಮಾತ್ರ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸರ್ಕಾರ ನಡೆಸಿದ ಯುವ ಸಮೃದ್ಧಿ ಸಮ್ಮೇಳನದಂಥ ದೊಡ್ಡ ಮೇಳವಾಗಲಿ, ನಮ್ಮ ತಾಲ್ಲೂಕಿನ ಸಣ್ಣ ಮೇಳವಾಗಲಿ, ಈ ಮಾತು ಒಂದೇ. ಹಿಂದೆ ಸಾಲು ನಿಂತಿರುತ್ತದೆ. ಅಧಿಕಾರಿ ವಿಳಾಸದ ಚೀಟಿಯೊಂದನ್ನು ಕೊಟ್ಟು, “ರೆಸ್ಯೂಮೆಯನ್ನು ಇಮೇಲ್ ಮಾಡಿ” ಎಂದು ಮುಂದಿನವರತ್ತ ತಿರುಗುತ್ತಾರೆ. ಆ ಇಮೇಲನ್ನು ಹೇಗೆ ಬರೆಯಬೇಕೆಂಬುದೇ ಈ ಲೇಖನದ ವಿಷಯ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಕಳೆದ ವರ್ಷ ಒಂದು ಮೇಳದಿಂದ ಬಂದವನು ನಾಲ್ಕು ದಿನ ಬಿಟ್ಟು ಪತ್ರ ಕಳುಹಿಸಿದೆ. ವಿಷಯದ ಸಾಲನ್ನು ಖಾಲಿ ಬಿಟ್ಟಿದ್ದೆ. ಒಳಗೆ “ರೆಸ್ಯೂಮೆ ಲಗತ್ತಿಸಿದೆ, ದಯವಿಟ್ಟು ಪರಿಶೀಲಿಸಿ” ಎಂಬ ಒಂದೇ ವಾಕ್ಯ. ಉತ್ತರ ಬರಲಿಲ್ಲ. ಬರುವುದಾದರೂ ಹೇಗೆ? ನಾನು ಯಾರು, ಎಲ್ಲಿ ಕಂಡೆ, ಯಾವ ಕೆಲಸದ ಮಾತಾಯಿತು ಎಂಬುದು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಅದೇ ಮೇಳಕ್ಕೆ ತಿ. ನರಸೀಪುರದ ಕಡೆಯ ಸಹಪಾಠಿಯೊಬ್ಬಳು ಬಂದಿದ್ದಳು, ಬಿ.ಕಾಂ. ಅಂತಿಮ ವರ್ಷದವಳು. ಕಾಫಿ ಪುಡಿಯಿಂದ ಔಷಧದವರೆಗೆ ನಾನಾ ಪದಾರ್ಥ ತಯಾರಾಗುವ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಉಗ್ರಾಣದ ಲೆಕ್ಕ ಬರೆಯುವ ಕೆಲಸವೊಂದಿತ್ತು. ಅಧಿಕಾರಿಣಿ ಅವಳನ್ನು ಎರಡು ಪ್ರಶ್ನೆ ಕೇಳಿದರು: “ಟ್ಯಾಲಿ ಬರುತ್ತದೆಯೆ? ಬೆಳಗ್ಗೆ ಆರರ ಪಾಳಿಗೆ ನಿಮ್ಮೂರಿಂದ ಹೇಗೆ ಬರುತ್ತೀರಿ?” ಮೊದಲನೆಯದಕ್ಕೆ ಉತ್ತರ ಕೊಟ್ಟಳು, ಎರಡನೆಯದಕ್ಕೆ ತಡವರಿಸಿದಳು. ಅಷ್ಟರಲ್ಲಿ ಸಮಯ ಮುಗಿಯಿತು.

ಅವಳು ಮಾಡಿದ ಜಾಣತನ ಇಲ್ಲಿದೆ. ಮಳಿಗೆಯಿಂದ ಹತ್ತು ಹೆಜ್ಜೆ ಸರಿದು ನಿಂತು, ಅಧಿಕಾರಿಣಿಯ ಹೆಸರು, ಕೆಲಸದ ಹೆಸರು, ಕೇಳಿದ ಎರಡು ಪ್ರಶ್ನೆ, ಇಷ್ಟನ್ನೂ ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡಳು. ವಿಳಾಸ ಕೈಬರಹದಲ್ಲಿದ್ದುದರಿಂದ ಅದರಲ್ಲಿದ್ದುದು `l` ಅಕ್ಷರವೋ `1` ಅಂಕೆಯೋ ಎಂದು ಹಿಂದಿರುಗಿ ಹೋಗಿ ಕೇಳಿದಳು. ಈ ಒಂದು ಗುರುತು ತಪ್ಪಿದರೆ ಪತ್ರ ಬೇರೆಯವರಿಗೆ ಸೇರಬಹುದು. ಇಲ್ಲವೆ `Mailer-Daemon` ಎಂಬ ಹೆಸರಿನಲ್ಲಿ ವಾಪಸಾತಿಯ ಸೂಚನೆ ಬರುತ್ತದೆ. ಕಳುಹಿಸಿದ ಮೇಲೆ ನಮ್ಮ ಪೆಟ್ಟಿಗೆಯನ್ನು ಒಮ್ಮೆ ನೋಡಿಕೊಳ್ಳಬೇಕಾದುದು ಇದಕ್ಕಾಗಿಯೇ.

ಮೇಳ ನಡೆದದ್ದು ಶನಿವಾರ. ನೆನಪು ಹಸಿಯಾಗಿರುವಾಗಲೇ ಅಂದಿನ ರಾತ್ರಿ ಪತ್ರವನ್ನು ಬರೆದಿಟ್ಟು, ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಹೋಗುವಂತೆ ಗೊತ್ತುಪಡಿಸಿದಳು. ಜಿಮೇಲಿನಲ್ಲಿ ಈ ಸೌಕರ್ಯವಿದೆ. ಭಾನುವಾರ ಕಳುಹಿಸಿದ್ದರೆ ರಜೆಯಲ್ಲಿ ಬಂದ ಇತರ ಪತ್ರಗಳ ಅಡಿಯಲ್ಲಿ ಅದು ಹೂತುಹೋಗಬಹುದಿತ್ತು. ಅಧಿಕಾರಿಣಿ ಮಾತನಾಡಿದ್ದು ಇಂಗ್ಲಿಷಿನಲ್ಲಾದ್ದರಿಂದ ಪತ್ರವೂ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಅದರ ಸಾರ ಹೀಗೆ:

ವಿಷಯ: ಶನಿವಾರದ ನಂಜನಗೂಡು ಮೇಳ – ಉಗ್ರಾಣ ಲೆಕ್ಕ ಸಹಾಯಕಿ – ಬಿ.ಕಾಂ. ವಿದ್ಯಾರ್ಥಿನಿ

“ಮಾನ್ಯರೆ, ಶನಿವಾರ ಮಧ್ಯಾಹ್ನ ನಿಮ್ಮ ಮಳಿಗೆಯಲ್ಲಿ ಉಗ್ರಾಣದ ಲೆಕ್ಕದ ಕೆಲಸದ ಬಗ್ಗೆ ಮಾತನಾಡಿದ ತಿ. ನರಸೀಪುರದ ವಿದ್ಯಾರ್ಥಿನಿ ನಾನು. ಆರರ ಪಾಳಿಗೆ ಹೇಗೆ ಬರುವೆನೆಂದು ಕೇಳಿದ್ದಿರಿ. ಆಗ ಸರಿಯಾಗಿ ಉತ್ತರಿಸಲಾಗಲಿಲ್ಲ. ನಂಜನಗೂಡಿನಲ್ಲಿ ನನ್ನ ಸೋದರತ್ತೆಯ ಮನೆಯಿದೆ. ಪಾಳಿಯ ವಾರಗಳಲ್ಲಿ ಅಲ್ಲಿಯೇ ಇರಲು ಮನೆಯವರು ಒಪ್ಪಿದ್ದಾರೆ. ಟ್ಯಾಲಿಯಲ್ಲಿ ದಾಸ್ತಾನಿನ ಲೆಕ್ಕವನ್ನು ಆರು ತಿಂಗಳು ಅಭ್ಯಾಸ ಮಾಡಿದ್ದೇನೆ. ರೆಸ್ಯೂಮೆ ಲಗತ್ತಿಸಿದೆ. ಮುಂದಿನ ಹಂತ ಯಾವುದೆಂದು ತಿಳಿಸುವಿರಾ?”

ಕೆಳಗೆ ಅವಳ ಪೂರ್ಣ ಹೆಸರು, ದೂರವಾಣಿ ಸಂಖ್ಯೆ. ರೆಸ್ಯೂಮೆ ಫೋನಿನಲ್ಲಿ ತೆಗೆದ ಚಿತ್ರವಾಗಿರಲಿಲ್ಲ. ಅವಳ ಹೆಸರನ್ನೇ ಹೊತ್ತ ಪಿಡಿಎಫ್ ಕಡತವಾಗಿತ್ತು.

ಈ ಪತ್ರದ ಜೀವಾಳ ಎರಡನೆಯದರಿಂದ ಐದನೆಯದರವರೆಗಿನ ವಾಕ್ಯಗಳಲ್ಲಿದೆ. ಮೇಳದಲ್ಲಿ ಉಳಿದುಹೋದ ಸಂಶಯವೊಂದನ್ನು ಅವು ನಿವಾರಿಸುತ್ತವೆ. ನೂರಾರು ಮುಖಗಳ ನಡುವೆ ಅಧಿಕಾರಿಗೆ ನಮ್ಮ ಮುಖ ನೆನಪಿರದು. ತಾವೇ ಕೇಳಿದ ಪ್ರಶ್ನೆಯಾದರೋ ನೆನಪಾಗುವ ಸಂಭವ ಹೆಚ್ಚು. ಆದರೆ ಉತ್ತರ ನಿಜವಾಗಿರಬೇಕು. ಅತ್ತೆಯ ಮನೆಯವರನ್ನು ಕೇಳದೆ ಹಾಗೆ ಬರೆದಿದ್ದರೆ, ಕೆಲಸ ಸಿಕ್ಕ ಮೊದಲ ವಾರವೇ ಅದು ಬಯಲಾಗುತ್ತಿತ್ತು.

ಒಂದು ವಾರ ಕಳೆದರೂ ಉತ್ತರ ಬರಲಿಲ್ಲ. ಆಗ ಹೊಸ ಪತ್ರ ಬರೆಯದೆ, ಕಳುಹಿಸಿದ್ದ ಪತ್ರವನ್ನೇ ತೆರೆದು ಅದಕ್ಕೇ `Reply` ಒತ್ತಿ, ವಿಳಾಸ ಅಧಿಕಾರಿಣಿಯದೇ ಎಂದು ನೋಡಿಕೊಂಡು ಎರಡು ಸಾಲು ಬರೆದಳು: ಆ ಕೆಲಸ ಇನ್ನೂ ಖಾಲಿಯಿದೆಯೆ, ಪರೀಕ್ಷೆ ಯಾವಾಗ ಎಂದು. ಹೀಗೆ ಮಾಡಿದರೆ ಹಳೆಯ ಪತ್ರ ಕೆಳಗೇ ಇರುತ್ತದೆ, ಓದುವವರು ಹುಡುಕಬೇಕಾಗಿಲ್ಲ. ಮೂರನೆಯ ದಿನ ಲಿಖಿತ ಪರೀಕ್ಷೆಗೆ ಕರೆ ಬಂತು. ಇದಕ್ಕೂ ಉತ್ತರ ಬಾರದಿದ್ದರೆ ಅಲ್ಲಿಗೇ ಬಿಡುವುದೆಂದು ಅವಳು ನಿಶ್ಚಯಿಸಿದ್ದಳು. ಮತ್ತೆ ಮತ್ತೆ ಬರೆಯುವುದರಿಂದ ಇಲ್ಲದ ಹುದ್ದೆ ಹುಟ್ಟುವುದಿಲ್ಲ.

ಕರೆ ಬಂದದ್ದು ಪರೀಕ್ಷೆಗೆ, ಕೆಲಸಕ್ಕಲ್ಲ. ಪತ್ರದಿಂದ ಆಗುವುದು ಅಷ್ಟೇ. ಮಿಕ್ಕದ್ದು ಅವಳ ಲೆಕ್ಕದ ಜ್ಞಾನಕ್ಕೆ ಸೇರಿದ್ದು. ಈ ವರ್ಷದ ಮೇಳಕ್ಕೆ ಹೋಗುವಾಗ ನಾನಂತೂ ಜೇಬಿನಲ್ಲಿ ಪೆನ್ನೊಂದನ್ನು ಇಟ್ಟುಕೊಂಡು ಹೋಗುತ್ತೇನೆ.