ಬಾಗಿಲ ವಿಡಿಯೊ: ಎಲ್ಲಿ ಕತ್ತರಿಸಬೇಕು, ಎಲ್ಲಿ ಬಿಡಬೇಕು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಬಡಿಗೇರರು ಕೆಲಸ ಮುಗಿದ ಮೇಲೆ ಮೊಬೈಲಿನಲ್ಲಿ ಹಾಕುವ ವಿಡಿಯೊಗಳಲ್ಲಿ ಹೆಚ್ಚಿನವು ಒಂದೇ ರೀತಿ ಇರುತ್ತವೆ. ಬಾಗಿಲು ಕೂರಿಸಿ ಪಾಲಿಶ್ ಆಗಿರುತ್ತದೆ. ಫೋನು ಚೌಕಟ್ಟಿನ ಮೇಲಿನ ಪಟ್ಟಿಯಿಂದ ಶುರುವಾಗಿ ಹೊಸ್ತಿಲವರೆಗೆ ನಿಧಾನವಾಗಿ ಇಳಿಯುತ್ತದೆ, ಹಿಂದೆ ಒಂದು ಸಿನಿಮಾ ಹಾಡು. ಕೆಲಸ ಚೆನ್ನಾಗಿಯೇ ಇರುತ್ತದೆ, ಆದರೂ ನೋಡುವವರು ಅರ್ಧಕ್ಕೇ ಬೆರಳಿನಿಂದ ಮೇಲಕ್ಕೆ ಸರಿಸಿ ಹೋಗುತ್ತಾರೆ. ಇದಕ್ಕೆ ಜನರ ತಾಳ್ಮೆಯನ್ನು ದೂರುವುದು ಸರಿಯಲ್ಲ. ಬಾಗಿಲು ನಿಂತಲ್ಲೇ ನಿಲ್ಲುವ ವಸ್ತು, ಅದರ ಒಟ್ಟು ಆಕಾರವನ್ನು ಕಣ್ಣು ಎರಡು ಮೂರು ಸೆಕೆಂಡಿನಲ್ಲಿ ಗ್ರಹಿಸಿಬಿಡುತ್ತದೆ. ಆಮೇಲೂ ಫೋನು ಇಳಿಯುತ್ತಲೇ ಇದ್ದರೆ ಕಣ್ಣಿಗೆ ಹೊಸದೇನೂ ಸಿಗುವುದಿಲ್ಲ. ಅದಕ್ಕೇ ಬಡಗಿಯ ವಿಡಿಯೊದಲ್ಲಿ ಕಟ್ ಎಂದರೆ ವೇಗ ಹೆಚ್ಚಿಸುವ ಉಪಾಯವಲ್ಲ. ಕಣ್ಣು ನೋಡಿ ಮುಗಿಸಿದ ಕ್ಷಣಕ್ಕೆ ಒಂದು ಶಾಟ್ ನಿಲ್ಲಿಸಿ, ಅದು ಎಬ್ಬಿಸಿದ ಪ್ರಶ್ನೆಗೆ ಮುಂದಿನ ಶಾಟ್‌ನಲ್ಲಿ ಉತ್ತರ ಕೊಡುವುದೇ ಕಟ್. ಬಿಗಿಯಾದ ಕಟ್‌ಗೂ ನಡುವೆ ಬೇರೆ ದೃಶ್ಯಕ್ಕೆ ಹೋಗಿ ಬರುವ ಕಟ್‌ಅವೇ ಶಾಟ್‌ಗೂ ಇದೊಂದೇ ನಿಯಮ ಸಾಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕುಷ್ಟಗಿಯ ಒಂದು ಹೊಸ ಮನೆಗೆ ಸಾಗವಾನಿಯ ಮುಂಬಾಗಿಲು, ಚೌಕಟ್ಟಿನ ಮೇಲೆ ಬಳ್ಳಿಯ ಕೆತ್ತನೆ. ಕೆಲಸ ನಡೆಯುವಾಗ ಐದು ದೃಶ್ಯ ಹಿಡಿದಿಟ್ಟುಕೊಂಡರೆ ಸಾಕು: ಮೂಲೆಯ ಕೂಡಿಕೆಗೆ ಉಳಿ ಹೊಡೆಯುವುದು, ಎರಡು ಭಾಗ ಕೂಡಿಸಿ ಕೊಡತಿಯಿಂದ ತಟ್ಟುವುದು, ಹಲಗೆಯ ಮೇಲೆ ಪೆನ್ಸಿಲ್ಲಿನ ಬಳ್ಳಿ, ಅದೇ ಬಳ್ಳಿಯನ್ನು ಕೆತ್ತುವಾಗ ಏಳುವ ಸಿಪ್ಪೆ, ಪಾಲಿಶ್ ಬಟ್ಟೆ ಓಡುವುದು. ಕೆಲಸದ ನಡುವೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಕೇಳುವವರಿದ್ದಾರೆ. ಪ್ರತಿಯೊಂದಕ್ಕೂ ಹತ್ತು ಹದಿನೈದು ಸೆಕೆಂಡು ಸಾಕು. ಫೋನನ್ನು ಮರದ ತುಂಡಿಗೆ ಒರಗಿಸಿಟ್ಟು, ಲೆನ್ಸಿನ ಮೇಲಿನ ಹೊಟ್ಟು ಒರೆಸಿ, ಕೈ ಆಡುವ ಮೊದಲು ಎರಡು ಸೆಕೆಂಡು, ನಿಂತ ಮೇಲೆ ಎರಡು ಸೆಕೆಂಡು ರೆಕಾರ್ಡ್ ಹೆಚ್ಚಿಗೆ ಓಡಲಿ. ಆ ಹೆಚ್ಚಿನ ಭಾಗ ಇಲ್ಲದಿದ್ದರೆ ಆಮೇಲೆ ಕಟ್ ಮಾಡಲು ಹಿಡಿತವೇ ಸಿಗುವುದಿಲ್ಲ. ಮುಗಿದ ಬಾಗಿಲನ್ನು ಮಾತ್ರ ನಡುಮಧ್ಯಾಹ್ನ ಹಿಡಿಯಬೇಡಿ. ನಮ್ಮ ಕಡೆಯ ಬಿಸಿಲಿಗೆ ಪಾಲಿಶ್ ಬೆಳ್ಳಗೆ ಹೊಳೆದು ಮರದ ಎಳೆ ಮಾಯವಾಗುತ್ತದೆ, ಬಾಗಿಲ ಒಳಗಿನ ಮನೆ ಕಪ್ಪಾಗುತ್ತದೆ. ಬಾಗಿಲ ಮೇಲೆ ನೇರ ಬಿಸಿಲು ಬೀಳದ ಹೊತ್ತು ನೋಡಿ, ಪರದೆಯಲ್ಲಿ ಮರದ ಮೇಲೆ ಬೆರಳು ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿಕೊಂಡರೆ ಕದ ತೆರೆಯುವಾಗ ಚಿತ್ರ ಒಮ್ಮೆ ಕಪ್ಪು, ಒಮ್ಮೆ ಬಿಳಿ ಆಗುವುದಿಲ್ಲ.

ಇನ್ನು ಜೋಡಣೆ. ಇದನ್ನು ಮೂವತ್ತು ಸೆಕೆಂಡಿಗೆ ಹೀಗೆ ಕಟ್ಟಬಹುದು. ಮೊದಲ ಶಾಟ್, ಕದ ಮುಚ್ಚುತ್ತಾ ಬರುತ್ತದೆ, ಸಂದು ಕಿರಿದಾಗುತ್ತದೆ, ಚಿಲಕದ ಸದ್ದು: ಮೂರು ಸೆಕೆಂಡು. ಚಲನೆಯಿಂದ ಶುರುವಾದರೆ ‘ಸರಿಯಾಗಿ ಕೂರುತ್ತದೆಯೇ’ ಎಂಬ ಕುತೂಹಲ ತಾನಾಗಿಯೇ ಹುಟ್ಟುತ್ತದೆ. ಎರಡನೆಯದು, ಹೊರಗಿನಿಂದ ಇಡೀ ಬಾಗಿಲು: ಮೂರು ಸೆಕೆಂಡು. ಮೂರನೆಯದು, ಚೌಕಟ್ಟಿನ ಮೂಲೆಯ ಕೂಡಿಕೆಯ ಮೇಲೆ ಉಗುರು ಅಡ್ಡ ಎಳೆದು ತೋರಿಸುವುದು, ಎಲ್ಲೂ ತಡೆಯುವುದಿಲ್ಲ: ಮೂರು ಸೆಕೆಂಡು. ಇಷ್ಟು ಕೂಡಿದ್ದು ಹೇಗೆ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. ಈಗ ಕಟ್‌ಅವೇ. ಅದೇ ಮೂಲೆ, ಆದರೆ ಹಿಂದಿನ ವಾರದ್ದು, ಉಳಿಯ ನಾಲ್ಕು ಪೆಟ್ಟು: ನಾಲ್ಕು ಸೆಕೆಂಡು. ಕೊಡತಿ ತಟ್ಟಿ ಕೂಡಿಸುವುದು: ಎರಡು. ಮತ್ತೆ ಮುಗಿದ ಮೂಲೆ, ಈ ಸಲ ಬೇರೆ ಬದಿಯಿಂದ: ಎರಡು. ಆಮೇಲೆ ಪೆನ್ಸಿಲ್ ಬಳ್ಳಿ ಎರಡು, ಕೆತ್ತುವ ಕೈ ಮೂರು, ಪಾಲಿಶ್ ಬಟ್ಟೆ ಮೂರು. ಕೊನೆಗೆ ಕದ ಅರ್ಧ ತೆರೆದು ಕೈಬಿಡುವುದು: ಐದು ಸೆಕೆಂಡು. ಉಗುರು ಎಳೆದು ತೋರಿಸದೇ ನೇರ ಉಳಿಯ ದೃಶ್ಯಕ್ಕೆ ಹಾರಿದರೆ ಅದು ಬರೀ ಅಲಂಕಾರವಾಗುತ್ತದೆ, ಯಾಕೆ ಬಂತೆಂದು ನೋಡುವವನಿಗೆ ತಿಳಿಯುವುದಿಲ್ಲ.

ಫೋನಿನಲ್ಲಿ ಇದನ್ನು ಮಾಡುವ ಕ್ರಮವೂ ಕಷ್ಟವಲ್ಲ. InShot ತರಹದ ಆ್ಯಪ್‌ನಲ್ಲಿ ಮೊದಲು ಮುಗಿದ ಬಾಗಿಲಿನ ಶಾಟ್‌ಗಳನ್ನಷ್ಟೇ ಸಾಲಾಗಿ ಜೋಡಿಸಿ. ಸದ್ದು ಬಂದ್ ಮಾಡಿ ಒಂದೊಂದನ್ನೂ ಓಡಿಸಿ ನೋಡಿ. ‘ಆಯ್ತು, ನೋಡಿದೆ’ ಎನ್ನಿಸಿದ ಜಾಗದಲ್ಲಿ ನಿಲ್ಲಿಸಿ Split ಒತ್ತಿ, ಉಳಿದ ಬಾಲವನ್ನು Delete ಮಾಡಿ. ಹಾಡು ಹಾಕಿಕೊಂಡು ಕತ್ತರಿಸಿದರೆ ಕಟ್‌ಗಳು ತಾಳಕ್ಕೆ ಬೀಳುತ್ತವೆಯೇ ಹೊರತು ಕಣ್ಣಿನ ಅಗತ್ಯಕ್ಕೆ ಬೀಳುವುದಿಲ್ಲ, ಆದ್ದರಿಂದ ಹಾಡು ಕೊನೆಗೆ. ಸಾಲು ಸಿದ್ಧವಾದ ಮೇಲೆ ಮೂಲೆಯ ಶಾಟ್ ಮುಗಿಯುವಲ್ಲಿ ಉಳಿಯ ದೃಶ್ಯ ಸೇರಿಸಿ. ಒಂದು ಶಾಟ್‌ನ ಸದ್ದು ಕಡಿಯದೇ ಅದರ ಮೇಲೆಯೇ ಕಟ್‌ಅವೇ ಕೂರಿಸಬೇಕೆಂದರೆ PIP ಎಂಬಲ್ಲಿ ಸೇರಿಸಿ ಪರದೆ ತುಂಬುವಷ್ಟು ಹಿಗ್ಗಿಸಬೇಕು. ಬಡಗಿ ಮಾತಾಡುತ್ತಾ ಕೆಲಸ ವಿವರಿಸುವ ವಿಡಿಯೊಗೆ ಇದು ಬಹಳ ಉಪಯೋಗ. ಮಾತಿನ ನಡುವೆ ತಡವರಿಸಿದ್ದನ್ನು ತೆಗೆದರೆ ಮುಖ ಥಟ್ಟನೆ ಹಾರಿದಂತೆ ಕಾಣುತ್ತದಲ್ಲ, ಆ ಜಾಗಕ್ಕೆ ಕೈಯ ಅಥವಾ ಮರದ ದೃಶ್ಯ ಮುಚ್ಚಿದರೆ ಹಾರಿದ್ದು ಕಾಣುವುದಿಲ್ಲ, ಧ್ವನಿ ಮಾತ್ರ ಒಂದೇ ಸಮ ಹರಿಯುತ್ತದೆ.

ಕಟ್ ಕೆಟ್ಟಿದ್ದು ಗೊತ್ತಾಗುವುದು ಎರಡು ಕಡೆ. ಇಡೀ ಬಾಗಿಲಿನ ಎರಡು ಶಾಟ್‌ಗಳನ್ನು ಹೆಚ್ಚುಕಡಿಮೆ ಒಂದೇ ದೂರ, ಒಂದೇ ಕೋನದಿಂದ ತೆಗೆದು ಪಕ್ಕಪಕ್ಕ ಇಟ್ಟರೆ ಬಾಗಿಲೇ ಜಿಗಿದಂತೆ ಕಾಣುತ್ತದೆ. ಸಿನಿಮಾದವರು ಇದಕ್ಕಾಗಿಯೇ ಕ್ಯಾಮೆರಾವನ್ನು ಕನಿಷ್ಠ 30 ಡಿಗ್ರಿಯಾದರೂ ಸರಿಸು ಎನ್ನುತ್ತಾರೆ. ನಮಗೆ ಇನ್ನೂ ಸುಲಭದ ದಾರಿ, ದೂರದ ಶಾಟ್ ಆದ ಮೇಲೆ ತೀರ ಹತ್ತಿರದ್ದು. ಎರಡನೆಯದು ಮರದ ಬಣ್ಣ, ಇದರ ಕಡೆ ಗಮನ ಕೊಡುವವರು ಕಡಿಮೆ. ಈಗಷ್ಟೇ ಕೊಯ್ದ ಸಾಗವಾನಿ ಮಾಸಲು ಹಳದಿ, ಪಾಲಿಶ್ ಆದ ಮೇಲೆ ಗಾಢ ಕಂದು. ಪಾಲಿಶ್ ಆಗದ ಮರಕ್ಕೆ ಉಳಿ ಹೊಡೆಯುವ ದೃಶ್ಯದಿಂದ ಮುಗಿದ ಬಾಗಿಲಿಗೆ ಬಂದು, ನಡುವೆ ಬಣ್ಣ ಬದಲಾದದ್ದನ್ನು ಎಲ್ಲೂ ತೋರಿಸದಿದ್ದರೆ, ಇದು ಬೇರೆ ಮರವಿರಬೇಕು ಎಂಬ ಅನುಮಾನ ಗಿರಾಕಿಗೆ ಬರುತ್ತದೆ. ಸಾಗವಾನಿ ಹೆಸರಿನಲ್ಲಿ ಬೇರೇನೋ ಕೊಟ್ಟ ಕಥೆಗಳನ್ನು ಅವರು ಕೇಳಿರುತ್ತಾರೆ. ಅದಕ್ಕೆ ಪಾಲಿಶ್ ಬಟ್ಟೆಯ ಆ ಮೂರು ಸೆಕೆಂಡನ್ನು ಬಿಡಬಾರದು. ಹಲಗೆಯ ಅರ್ಧ ಇನ್ನೂ ಹಳದಿಯಾಗಿರುವಾಗಲೇ ಹಿಡಿಯಿರಿ. ಬಟ್ಟೆ ಸರಿದಂತೆ ಎಳೆಗಳು ಕಪ್ಪಾಗಿ ಎದ್ದು ಬರುವುದು ಒಂದೇ ಶಾಟ್‌ನಲ್ಲಿ ಕಂಡರೆ ಎರಡೂ ಬಣ್ಣ ಒಂದೇ ಮರದ್ದೆಂದು ಬೇರೆ ಹೇಳಬೇಕಾಗಿಲ್ಲ.

ಬಣ್ಣದ ಕೆಲಸದಲ್ಲಂತೂ ಕಟ್‌ಅವೇ ಇಲ್ಲದೆ ಗತಿಯೇ ಇಲ್ಲ. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಗೊಂಬೆಯನ್ನೇ ನೋಡಿ. ಮುಗಿದ ಮೇಲೆ ಕಾಣುವುದು ಬಣ್ಣ ಮಾತ್ರ. ಒಳಗಿನ ಹಗುರ ಮರ, ಭಾಗಗಳನ್ನು ಹಿಡಿದಿರುವ ಹುಣಸೆ ಬೀಜದ ಅಂಟು, ಮರದ ಹೊಟ್ಟು ಸೇರಿಸಿ ಮಾಡಿದ ಕಿಟ್ಟ ಎಲ್ಲವೂ ಅದರಡಿ ಮುಚ್ಚಿಹೋಗಿರುತ್ತವೆ. ಅಲ್ಲಿ ಬೆಲೆಗೆ ಕಾರಣವಾದದ್ದೆಲ್ಲ ಕಾಣದ ಕಡೆಗೇ ಇದೆ. ಯಲಬುರ್ಗಾ ಕಡೆಯ ಎರಿ ಹೊಲಕ್ಕೆ ಕೂರಿಗೆ ಮಾಡುವವರಿಗೆ ಬೇಕಾದ ಕಟ್‌ಅವೇ ಇನ್ನೊಂದು ಥರ. ಬಟ್ಟಲಿಗೆ ಹಾಕಿದ ಕಾಳು ಪ್ರತಿ ಕೊಳವೆಯಿಂದಲೂ ಸಮನಾಗಿ ಉದುರುವುದನ್ನು ತೋರಿಸಿದರೆ ರೈತನಿಗೆ ಬೇರೆ ಮಾತು ಬೇಕಿಲ್ಲ.

ಇಷ್ಟು ಕತ್ತರಿಸಿದ ವಿಡಿಯೊವನ್ನು ನಂಬುವುದು ಹೇಗೆ, ದೋಷ ಇರುವ ಕಡೆಯೇ ಕಟ್ ಮಾಡಿದ್ದರೆ ಎಂಬ ಆಕ್ಷೇಪವಿದೆ. ಇದು ನ್ಯಾಯವಾದ ಪ್ರಶ್ನೆ. 1920ರ ಆಸುಪಾಸಿನಲ್ಲಿ ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್, ನಟನೊಬ್ಬನ ಒಂದೇ ಮುಖದ ಶಾಟ್ ಪಕ್ಕ ಬೇರೆ ಬೇರೆ ದೃಶ್ಯ ಇಟ್ಟರೆ ನೋಡುವವರು ಆ ಮುಖದಲ್ಲಿ ಬೇರೆ ಬೇರೆ ಭಾವ ಕಾಣುತ್ತಾರೆ ಎಂದು ತೋರಿಸಿದ್ದ. ಪಕ್ಕಪಕ್ಕ ಇಟ್ಟದ್ದನ್ನು ಮನಸ್ಸು ತಾನೇ ಬೆಸೆಯುತ್ತದೆ. ಸಿಎನ್‌ಸಿ ಯಂತ್ರದಲ್ಲಿ ಕೆತ್ತಿದ ಹಲಗೆಯ ಪಕ್ಕ ಉಳಿ ಹಿಡಿದ ಕೈ ತೋರಿಸಿದರೆ, ಬಾಯಿಂದ ಒಂದು ಮಾತೂ ಆಡದೆ ಸುಳ್ಳು ಹೇಳಿದಂತಾಗುತ್ತದೆ. ಯಂತ್ರದ ಕೆಲಸವಾಗಿದ್ದರೆ ಯಂತ್ರವನ್ನೇ ತೋರಿಸಲಿ, ಅದರಲ್ಲಿ ನಾಚಿಕೆಯೇನಿಲ್ಲ. ಬೇರೆ ಮನೆಯ ಕೆಲಸದ ದೃಶ್ಯವನ್ನು ಈ ಬಾಗಿಲಿಗೆ ಅಂಟಿಸುವುದಂತೂ ಕೂಡದು. ಇನ್ನು ನಂಬಿಕೆಗಾಗಿ ಕತ್ತರಿಸದ ಶಾಟ್ ಒಂದಾದರೂ ಇರಬೇಕು, ಉದಾಹರಣೆಯ ಕೊನೆಯ ಐದು ಸೆಕೆಂಡು ಅದಕ್ಕೇ. ಚೌಕಟ್ಟು ತೂಕಕ್ಕೆ ಸರಿಯಾಗಿ ನಿಂತು ಬಿಜಾಗರಿಗಳು ಒಂದೇ ನೇರದಲ್ಲಿದ್ದರೆ ಅರ್ಧ ತೆರೆದ ಕದ ಬಿಟ್ಟಲ್ಲೇ ನಿಲ್ಲುತ್ತದೆ, ವಾಲಿದ್ದರೆ ತಾನಾಗಿ ಸರಿಯುತ್ತದೆ. ಕೈಬಿಟ್ಟ ಮೇಲೆ ಕದ ನಿಂತೇ ಇರುವುದನ್ನು ಒಂದೂ ಕಟ್ ಇಲ್ಲದೆ ತೋರಿಸುವುದಕ್ಕಿಂತ ಗಟ್ಟಿ ಸಾಕ್ಷಿ ಬಡಗಿಯ ವಿಡಿಯೊದಲ್ಲಿ ಇನ್ನೊಂದಿಲ್ಲ.

ಮನೆ ಕಟ್ಟಿಸುವವರು ಹಿರಿಯರು, ಅವರಿಗೆ ಇಷ್ಟು ವೇಗ ಆಗಿಬರುವುದಿಲ್ಲ ಎನ್ನುವವರೂ ಇದ್ದಾರೆ. ಬಿಗಿ ಎಂದರೆ ಚಿಕ್ಕದು ಎಂದಲ್ಲ. ಮೂರು ಎಲೆಯ ಬಳ್ಳಿಗೆ ಎರಡು ಸೆಕೆಂಡು ಸಾಕು, ದೇವರ ಮಂಟಪದ ಗೋಪುರಕ್ಕೆ ಆರು ಬೇಕಾದೀತು. ಹೆಸರು, ಊರು, ಫೋನ್ ನಂಬರ್ ಬರೆದ ಅಕ್ಷರಗಳು ಗಟ್ಟಿಯಾಗಿ ಎರಡು ಸಲ ಓದುವಷ್ಟು ಹೊತ್ತು ಪರದೆಯಲ್ಲಿ ನಿಲ್ಲಲಿ. ವಿಡಿಯೊ ತೋರಿಸಿ ಹಿರಿಯರೊಬ್ಬರನ್ನು ‘ಮೂಲೆ ಹೆಂಗ ಕೂಡಿಸ್ಯಾರ?’ ಎಂದು ಕೇಳಿ. ಉತ್ತರ ಬರದಿದ್ದರೆ ಉಳಿಯ ಶಾಟ್‌ಗೆ ಇನ್ನೆರಡು ಸೆಕೆಂಡು ಸೇರಿಸಿ.

ಯೂಟ್ಯೂಬಿಗೆ ಹಾಕಿದ್ದರೆ ಕೆಲವು ದಿನ ಬಿಟ್ಟು YouTube Studio ತೆರೆದು, ಎಷ್ಟು ಜನ ಯಾವ ಸೆಕೆಂಡಿನವರೆಗೆ ನೋಡಿದರೆಂದು ತೋರಿಸುವ ಗೆರೆಯನ್ನು ಗಮನಿಸಿ. ಗೆರೆ ಕಡಿದಾಗಿ ಬಿದ್ದ ಸೆಕೆಂಡಿನಲ್ಲಿ ಯಾವ ಶಾಟ್ ಇತ್ತೋ ಅದು ಉದ್ದವಾಗಿದೆ, ಇಲ್ಲವೇ ಯಾಕೆ ಬಂತೆಂದು ಅರ್ಥವಾಗಿಲ್ಲ. ಮೇಲೆ ಎದ್ದಿದ್ದರೆ ಆ ಭಾಗವನ್ನು ಜನ ಹಿಂದೆ ಸರಿಸಿ ಮತ್ತೆ ನೋಡಿದ್ದಾರೆ, ಮುಂದಿನ ವಿಡಿಯೊದಲ್ಲಿ ಅಂಥ ಶಾಟನ್ನೇ ಮೊದಲಿಗೆ ತನ್ನಿ. ಗಿರಾಕಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ಸಾದಾ ವಿಡಿಯೊ ಆಗಿ ಕಳಿಸಿದರೆ ಕುಗ್ಗಿ ಕೆತ್ತನೆಯ ಸಣ್ಣ ಗೆರೆಗಳು ಕಲಸಿಹೋಗುತ್ತವೆ, ಡಾಕ್ಯುಮೆಂಟ್ ಆಗಿ ಕಳಿಸಿ.