ಮೂರು ಗುಂಪು, ಒಂದೇ ಕೊಠಡಿ: ಪಾಠಯೋಜನೆ ಎಲ್ಲಿಂದ ಶುರುವಾಗಬೇಕು?

ಏಕೋಪಾಧ್ಯಾಯ ಶಾಲೆಯ ಶಿಕ್ಷಕರು 40 ನಿಮಿಷದ ಅವಧಿಯನ್ನು ಮೂರು ಗುಂಪುಗಳಿಗೆ ಹಂಚಿದರೆ ಒಂದೊಂದಕ್ಕೆ ಸಿಗುವುದು ಹೆಚ್ಚೆಂದರೆ 13 ನಿಮಿಷ. ಉಳಿದ 27 ನಿಮಿಷ ಆ ಮಕ್ಕಳ ಹತ್ತಿರ ಶಿಕ್ಷಕರು ಇರುವುದಿಲ್ಲ. ಹೀಗಿದ್ದರೂ ನಮ್ಮ ಪಾಠಯೋಜನೆಗಳಲ್ಲಿ ತುಂಬಿರುವುದು ಆ 13 ನಿಮಿಷದಲ್ಲಿ ಏನು ಹೇಳಬೇಕು ಎಂಬುದೇ. 27 ನಿಮಿಷದ ಜಾಗದಲ್ಲಿ ‘ಅಭ್ಯಾಸ’ ಎಂದೋ ‘ನಕಲು ಬರವಣಿಗೆ’ ಎಂದೋ ಒಂದು ಪದ ಇರುತ್ತದೆ, ಅಷ್ಟೇ. ಯೋಜನೆ ಶುರುವಾಗಬೇಕಾದದ್ದು ಶಿಕ್ಷಕರಿಲ್ಲದ ಆ ಹೊತ್ತಿನಿಂದ ಎಂಬುದು ನನ್ನ ವಾದ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯ ತಿರುಳೂ ಇದೇ. ಅಲ್ಲಿ ಮಕ್ಕಳು ಕೂರುವ ತಟ್ಟೆಗಳನ್ನು ವಿಂಗಡಿಸಿರುವುದು ತರಗತಿಯ ಮೇಲಲ್ಲ. ಯಾರಿಗೆ ಶಿಕ್ಷಕರ ಪೂರ್ಣ ಬೆಂಬಲ ಬೇಕು, ಯಾರಿಗೆ ಭಾಗಶಃ ಸಾಕು, ಯಾರು ಸಹಪಾಠಿಯ ನೆರವಿನಿಂದ ಅಥವಾ ತಾವೇ ಕಲಿಯಬಲ್ಲರು ಎಂಬುದರ ಮೇಲೆ.

ಗಣಿತದ ‘ಉದ್ದ ಅಳೆಯುವುದು’ ಎಂಬ ಪಾಠವನ್ನೇ ತೆಗೆದುಕೊಳ್ಳೋಣ. ಮಕ್ಕಳನ್ನು 1-2, 3 ಮತ್ತು 4-5ನೇ ತರಗತಿ ಎಂದು ಮೂರು ಗುಂಪು ಮಾಡಿ. ಒಂದು ಹಾಳೆಯಲ್ಲಿ ಗುಂಪಿಗೊಂದರಂತೆ ಮೂರು ಕಂಬಸಾಲು ಎಳೆದು, ಪ್ರತಿ ಗುಂಪಿಗೆ ಈ ದಿನದ ಒಂದೇ ಒಂದು ಹೊಸ ವಿಷಯವನ್ನು ಮೇಲ್ಗಡೆ ಬರೆಯಿರಿ: ಚಿಕ್ಕವರಿಗೆ ಸಂದು ಬಿಡದೆ ಗೇಣು ಹಾಕುವುದು, ಮೂರನೆಯವರಿಗೆ ಸ್ಕೇಲಿನ ಸೊನ್ನೆಯಿಂದ ಅಳೆಯುವುದು, ದೊಡ್ಡವರಿಗೆ ಸುತ್ತಳತೆ. ಶಿಕ್ಷಕರು ಹತ್ತಿರ ಕೂತು ಕಲಿಸಬೇಕಾದದ್ದು ಇಷ್ಟೇ. ಉಳಿದ ಕೆಲಸವೆಲ್ಲ ಮಕ್ಕಳಿಗೆ ಈಗಾಗಲೇ ಬರುವಂಥದ್ದಾಗಿರಬೇಕು, ಸರಿಯೋ ತಪ್ಪೋ ಎಂದು ಅವರೇ ನೋಡಿಕೊಳ್ಳುವಂತಿರಬೇಕು.

ಮೊದಲ ಐದು ನಿಮಿಷ ಎಲ್ಲರೂ ಒಟ್ಟಿಗೆ ಕೂತು, ಬಾಗಿಲಿನ ಅಗಲ ಎಷ್ಟಿರಬಹುದೆಂದು ಊಹಿಸುತ್ತಾರೆ. ನಂತರದ ಹತ್ತು ನಿಮಿಷ ಶಿಕ್ಷಕರು ಚಿಕ್ಕವರ ಜೊತೆ. ಯಾಕೆಂದರೆ ಆ ವಯಸ್ಸಿನವರು ಸೂಚನೆ ಓದಿಕೊಂಡು ಕೆಲಸ ಶುರುಮಾಡಲಾರರು. ಆಗ ಮೂರನೇ ತರಗತಿಯವರು ಐದು ವಸ್ತುಗಳನ್ನು ಕಣ್ಣಂದಾಜಿನಲ್ಲೇ ಉದ್ದದ ಕ್ರಮದಲ್ಲಿಟ್ಟು ಊಹೆಯನ್ನು ಬರೆಯುತ್ತಾರೆ. ದೊಡ್ಡವರು ನೋಟ್‌ಬುಕ್, ಸ್ಲೇಟುಗಳ ನಾಲ್ಕೂ ಬದಿ ಅಳೆದು ಬರೆಯುತ್ತಾರೆ. ಎರಡನೇ ಸುತ್ತಿನಲ್ಲಿ ಶಿಕ್ಷಕರು ಮೂರನೆಯವರ ಬಳಿ ಬರುತ್ತಾರೆ. ಸ್ಕೇಲಿನ 1ರ ಗೆರೆಯಿಂದ ಅಳೆಯಲು ಶುರುಮಾಡುವ ಮಗು 12 ಸೆಂ.ಮೀ. ಪೆನ್ಸಿಲನ್ನು 13 ಎಂದು ಓದುತ್ತದೆ. ಇದು ಪಕ್ಕದಲ್ಲಿ ಕೂತವರಿಗಷ್ಟೇ ಕಾಣುವ ತಪ್ಪು; ಆ ಹತ್ತು ನಿಮಿಷ ಇರುವುದೇ ಅದಕ್ಕೆ. ಅಷ್ಟರಲ್ಲಿ ಚಿಕ್ಕವರು ಜೋಡಿಯಾಗಿ ಮೇಜನ್ನು ಗೇಣಿನಲ್ಲಿ ಅಳೆಯುತ್ತಾರೆ, ದೊಡ್ಡವರು ನೋಟ್‌ಬುಕ್ಕಿನ ಅಂಚಿಗೆ ದಾರ ಸುತ್ತಿ ದಾರದ ಉದ್ದ ಅಳೆಯುತ್ತಾರೆ. ಮೂರನೇ ಸುತ್ತು ದೊಡ್ಡವರದು. 24, 18, 24, 18 ಕೂಡಿದರೆ 84; ದಾರವೂ ಹೆಚ್ಚುಕಡಿಮೆ ಅಷ್ಟೇ ಬಂದಿದೆ. ಸುತ್ತಳತೆ ಎಂದರೇನೆಂದು ಹೇಳುವ ಮೊದಲೇ ಅದು ಅವರ ಕೈಯಲ್ಲಿರುತ್ತದೆ. ಅದೇ ಹೊತ್ತಿಗೆ ಮೂರನೆಯವರು ಅಳೆದು ಊಹೆಗೆ ಹೋಲಿಸುತ್ತಾರೆ, ಚಿಕ್ಕವರು ತಮ್ಮ ಲೆಕ್ಕವನ್ನು ಗೋಡೆಯ ಕರಿಹಲಗೆಯಲ್ಲಿ ಬರೆಯುತ್ತಾರೆ. ಕೊನೆಯ ಐದು ನಿಮಿಷಕ್ಕೆ ಅಲ್ಲಿಂದಲೇ ಪ್ರಶ್ನೆ ಸಿಗುತ್ತದೆ: ಒಂದೇ ಮೇಜು ಒಬ್ಬಳಿಗೆ ಎಂಟು ಗೇಣು, ಇನ್ನೊಬ್ಬನಿಗೆ ಒಂಬತ್ತು ಯಾಕೆ? ಇದಕ್ಕೆ ಮೂರನೆಯವರು ಸ್ಕೇಲು ತೋರಿಸಿ ಉತ್ತರಿಸಬಲ್ಲರು.

ಯೋಜನೆ ಎಲ್ಲಿ ತಪ್ಪಿದೆ ಎಂದು ತಿಳಿಯುವುದು ಕಷ್ಟವಲ್ಲ. ಸ್ವಂತ ಕೆಲಸ ಮಾಡಬೇಕಾದ ಗುಂಪಿನಿಂದ ಮೇಲಿಂದ ಮೇಲೆ ಮಕ್ಕಳು ಎದ್ದು ಬರುತ್ತಿದ್ದರೆ, ಆ ಕೆಲಸದೊಳಗೆ ಕಲಿಸದೇ ಇದ್ದ ಏನೋ ನುಸುಳಿದೆ ಎಂದರ್ಥ. ಬೇಗ ಮುಗಿಸಿ ಗದ್ದಲ ಮಾಡುತ್ತಿದ್ದರೆ ಮುಂದಿನ ಕೆಲಸ ಬರೆದಿಟ್ಟಿಲ್ಲ. ಎರಡರಲ್ಲೂ ಮಕ್ಕಳನ್ನು ಗದರುವುದಕ್ಕಿಂತ ಹಾಳೆಯನ್ನು ತಿದ್ದುವುದು ಉಪಯುಕ್ತ.

ಐದು ತರಗತಿಗಳ ಪಠ್ಯಪುಸ್ತಕಗಳನ್ನು ಹೀಗೆ ಮುಗಿಸಲಾದೀತೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅಳತೆ, ಹಣ, ಆಕೃತಿಗಳಂಥ ಘಟಕಗಳು ಎಲ್ಲ ತರಗತಿಗಳಲ್ಲೂ ಮರಳಿ ಬರುತ್ತವೆ. ತಿಂಗಳ ಆರಂಭದಲ್ಲಿ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಇವನ್ನು ಜೋಡಿಸಿಕೊಳ್ಳಬಹುದು. ಆದರೆ ಐದನೆಯವರ ಭಿನ್ನರಾಶಿಗೂ ಒಂದನೆಯವರ ಅಕ್ಷರಕ್ಕೂ ಬಲವಂತದ ನಂಟು ಕಟ್ಟಬಾರದು. ಅಂಥ ದಿನ ವಿಷಯ ಬೇರೆಯಾದರೂ ಹತ್ತು ನಿಮಿಷದ ಸುತ್ತುಗಳು ಹಾಗೇ ಇರಲಿ. ದೊಡ್ಡ ಮಕ್ಕಳನ್ನು ಚಿಕ್ಕವರ ಮೇಷ್ಟ್ರು ಮಾಡಿದರೆ ಅವರ ಓದು ಹಾಳಾಗುತ್ತದೆ ಎಂಬ ಪೋಷಕರ ಆತಂಕವೂ ಸರಿ. ಹಾಗಾಗಿ ಸಹಪಾಠಿ ನೆರವು ಒಂದು ಸುತ್ತಿಗೆ ಮೀರದಿರಲಿ, ದಿನವೂ ಅದೇ ಮಗುವಿನ ಪಾಲಿಗೆ ಬಾರದಿರಲಿ.

ಇದೆಲ್ಲ ಮಾಡಿದರೂ ಒಬ್ಬರು ಇಬ್ಬರಾಗುವುದಿಲ್ಲ. ಒಂದರಿಂದ ಐದನೇ ತರಗತಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಎರಡನೇ ಹುದ್ದೆ ಖಾಲಿ ಇದ್ದರೆ ಅದನ್ನು ತುಂಬಿಸಿಕೊಡಿ ಎಂದು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಠರಾವು ಮಾಡಿ ಕ್ಷೇತ್ರ ಶಿಕ್ಷಣಾಧಿಕಾರಿಗೆ ಬರೆಯಿರಿ.